ಆ ಸೊನ್ನೆ ಯಾರದು? ಚಿತ್ರದ ಮೇಲಿನ ಶೀರ್ಷಿಕೆಯನ್ನು ಓದುವ ಬಗೆ

ಇವತ್ತು ರಾಯದುರ್ಗದ ಕನ್ನಡಿಗರ ಒಂದು ಸ್ಮರಣ ಸಂಚಿಕೆಯ ಒಂದೇ ಪುಟ ಇಟ್ಟುಕೊಂಡು ಮಾತಾಡ್ತೇನೆ. ಪುಟದ ತುಂಬ ಅಲ್ಲಿನ ರೈಲು ನಿಲ್ದಾಣದ ಬಣ್ಣದ ಫೋಟೋ ಇದೆ. ಹಳದಿ ಫಲಕದಲ್ಲಿ ಊರಿನ ಹೆಸರು ಕಪ್ಪು ತೆಲುಗು ಅಕ್ಷರಗಳಲ್ಲಿದೆ. ಆ ಫಲಕದ ಮೇಲೆಯೇ ಹಾದುಹೋಗುವಂತೆ ಕನ್ನಡದ ಶೀರ್ಷಿಕೆಯನ್ನೂ ಕಪ್ಪಿನಲ್ಲೇ ಅಚ್ಚು ಹಾಕಿದ್ದಾರೆ.

ಇದನ್ನು ಇಂಗ್ಲಿಷಿಗೆ ತಂದವರು 'ರಾಯದುರ್ಗಂ' ಎಂದು ಓದಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಇಲ್ಲಿನ ಕನ್ನಡಿಗರು ಊರಿನ ಹೆಸರನ್ನೂ ತೆಲುಗಿನ ರೂಪದಲ್ಲಿ ಬರೆಯತೊಡಗಿದ್ದಾರೆ ಅಂತ ಟಿಪ್ಪಣಿಯನ್ನೂ ಬರೆದಿದ್ದಾರೆ. ನನ್ನ ತಕರಾರು ಕೊನೆಯ ಸೊನ್ನೆಯ ಬಗ್ಗೆ. ಅದು ಶೀರ್ಷಿಕೆಯದೋ, ಫಲಕದ್ದೋ?

ಸೊಲ್ಲಾಪುರದ ಫೋಟೋ ಆಗಿದ್ದರೆ ಹಿನ್ನೆಲೆಯ ದೇವನಾಗರಿಯನ್ನು ಕಣ್ಣೇ ಬೇರೆ ಮಾಡುತ್ತಿತ್ತು. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಆದರೂ ಪೂರ್ತಿ ಅಕ್ಷರ ಕಂಡರೆ ಗುರುತು ಹಿಡಿಯಬಹುದು. ನಮ್ಮ ತಲೆಕಟ್ಟು ಅಡ್ಡವಾಗಿ ಹೋಗುತ್ತೆ, ತೆಲುಗಿನದು ಸರಿ ಗುರುತಿನ ಹಾಗೆ ಮೇಲಕ್ಕೇಳುತ್ತೆ. 'ರ್ಗ' ಬರೆಯುವಾಗ ನಾವು ಗಕಾರದ ಬಲಕ್ಕೆ ಅರ್ಕಾವತ್ತು ಇಡ್ತೇವೆ, ತೆಲುಗಿನವರು ರಕಾರ ಬರೆದು ಗಕಾರವನ್ನು ಒತ್ತಾಗಿ ಕೊಡ್ತಾರೆ. ಸೊನ್ನೆಗೆ ಮಾತ್ರ ತಲೆಕಟ್ಟೂ ಇಲ್ಲ, ಒತ್ತೂ ಇಲ್ಲ. ಹಾಗಾಗಿ ಲಿಪಿಯನ್ನು ಬಿಟ್ಟು ಅಚ್ಚನ್ನೇ ನೋಡಬೇಕು.

ಶೀರ್ಷಿಕೆ ಕೆಂಪಾಗಿದ್ದರೆ ಸ್ಕ್ಯಾನಿನ ಬಣ್ಣದ ಪದರಗಳನ್ನು ಬಿಡಿಸಿದರೆ ಸಾಕಿತ್ತು: ಕೆಂಪು ಪದರದಲ್ಲಿ ಆ ಅಕ್ಷರ ಮಾಸುತ್ತೆ, ಹಸಿರು ಪದರದಲ್ಲಿ ಕಪ್ಪಾಗಿ ಕಾಣುತ್ತೆ. ಇಲ್ಲಿ ಎರಡೂ ಕಪ್ಪು, ಆ ಉಪಾಯ ನಡೆಯಲ್ಲ. ಆದರೆ ಆಫ್‌ಸೆಟ್ ಮುದ್ರಣದಲ್ಲಿ ಫೋಟೋದೊಳಗಿನ ಕಪ್ಪು ನಾಲ್ಕು ಶಾಯಿಗಳ ಸಣ್ಣ ಚುಕ್ಕಿಗಳಿಂದ ಆಗಿರುತ್ತೆ. ಮೇಲೆ ಅಚ್ಚಾದ ಕಪ್ಪು ಶೀರ್ಷಿಕೆ ಒಂದೇ ಶಾಯಿಯದು, ಅದರ ಅಂಚು ಕತ್ತರಿಸಿದ ಹಾಗೆ ಇರುತ್ತೆ. ಪುಟವನ್ನು 600 ಡಿಪಿಐಯಲ್ಲಿ, ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಹಿಗ್ಗಿಸಿದೆ. 'ರಾಯದುರ್ಗ' ತುಂಬು ಕಪ್ಪು, ಸೊನ್ನೆಯ ಅಂಚಿನಲ್ಲಿ ಬಣ್ಣದ ಚುಕ್ಕಿಗಳು. ಇನ್ನೊಂದು ಸಾಕ್ಷಿಯೂ ಇದೆ. ಫಲಕವನ್ನು ಓರೆಯಾಗಿ ತೆಗೆದಿದ್ದಾರೆ. ಸೊನ್ನೆ ಆ ಓರೆ ಸಾಲಿನ ಮೇಲೆ ಕೂತಿದೆಯೇ ಹೊರತು ಶೀರ್ಷಿಕೆಯ ನೇರ ಸಾಲಿನ ಮೇಲಲ್ಲ. ಅಂದರೆ ಅದು ಫಲಕದ್ದೇ.

ಆದ್ದರಿಂದ ಅನುವಾದಕ್ಕೆ ಮೊದಲು ಎರಡು ಪ್ರತ್ಯೇಕ ಸಾಲು ಬರೆದುಕೊಳ್ಳಬೇಕು: ಶೀರ್ಷಿಕೆಯಲ್ಲಿರೋದು ಒಂದು, ಚಿತ್ರದಲ್ಲಿರೋದು ಇನ್ನೊಂದು. ಫಲಕವೂ ಅನುವಾದಕ್ಕೆ ಯೋಗ್ಯವೇ, ಆದರೆ ಅದನ್ನು ಬರೆಸಿದ್ದು ರೈಲ್ವೆ, ಸಂಚಿಕೆಯವರಲ್ಲ.

ಈ ಪರೀಕ್ಷೆಗೆ ಮಿತಿಯಿದೆ. ಕೈಯಲ್ಲಿರೋದು ಜೆರಾಕ್ಸ್ ಅಥವಾ ಫೋನಿನಲ್ಲಿ ಕುಗ್ಗಿ ಬಂದ ಚಿತ್ರವಾದರೆ ಚುಕ್ಕಿಗಳು ಉಳಿದಿರಲ್ಲ. ಆಗ ಸಾಲಿನ ಓರೆಯನ್ನಷ್ಟೇ ನೋಡಬಹುದು. ಅದೂ ತಿಳಿಯದಿದ್ದರೆ ಸೊನ್ನೆಯನ್ನು ಚೌಕ ಆವರಣದಲ್ಲಿಟ್ಟು, ಅದರ ಮೇಲೆ ವಾದ ಕಟ್ಟದೆ ಬಿಡಬೇಕು.

ರಾಯದುರ್ಗದ ಕನ್ನಡದ ಮೇಲೆ ತೆಲುಗಿನ ಪ್ರಭಾವವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಈ ಪುಟ ಸಾಕ್ಷಿಯಲ್ಲ, ಅಷ್ಟೇ.