ಅಂಚು ಕತ್ತರಿಸಬೇಡಿ

ಸ್ಕ್ರೀನ್‌ಶಾಟ್ ಕಳಿಸುವವರಲ್ಲಿ ಬಹಳ ಮಂದಿ ಅಚ್ಚುಕಟ್ಟಿನವರು. ಮೇಲಿನ ಬ್ಯಾಟರಿ ಗುರುತು, ಕೆಳಗಿನ ಬಟನ್ನು, ಪಕ್ಕದ ಜಾಹೀರಾತು ಎಲ್ಲವನ್ನೂ ನೀಟಾಗಿ ಕತ್ತರಿಸಿ, ಬೇಕಾದ ಎರಡು ಸಾಲಿನ ಸುತ್ತ ಕೆಂಪು ಗೆರೆ ಎಳೆದು, ವಾಟ್ಸ್‌ಆ್ಯಪ್‌ನಲ್ಲಿ ದಾಟಿಸುತ್ತಾರೆ. ನೋಡಲು ಚೆಂದ. ಆದರೆ ಗ್ರಾಹಕರ ಆಯೋಗದ ಮುಂದೆ ಇಟ್ಟರೆ ಎದುರು ಪಕ್ಷದ ವಕೀಲರು ಕೇಳುವುದೇ ಬೇರೆ. ಇದು ಯಾವ ಪುಟ? ಯಾವತ್ತು ತೆಗೆದದ್ದು? ಎಷ್ಟು ಹೊತ್ತಿಗೆ? ಇವುಗಳಿಗೆ ಉತ್ತರ ಇದ್ದದ್ದು ಕತ್ತರಿಸಿ ಎಸೆದ ಅಂಚಿನಲ್ಲಿ.

ಪರಿಚಯದ ಶಿಕ್ಷಕಿಯೊಬ್ಬರ ಮಿಕ್ಸಿಯ ಪ್ರಕರಣ ನೋಡಿ. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ್ದು, 2025ರ ಜೂನ್ 8ಕ್ಕೆ ಮನೆಗೆ ಬಂತು. ಚಟ್ನಿ ಜಾರಿನ ಬುಡದಲ್ಲಿ ನೀರು ಸೋರುತ್ತಿತ್ತು. ಆರ್ಡರ್ ಪುಟದಲ್ಲಿ ಹತ್ತು ದಿನದೊಳಗೆ ಬದಲಿ ಕೊಡುತ್ತೇವೆ ಎಂದು ಬರೆದಿತ್ತು. 14ರ ಸಂಜೆ ದೂರು ದಾಖಲಿಸಿದರು, ಟಿಕೆಟ್ ನಂಬರ್ ಬಂತು, ಮಿಕ್ಸಿ ಒಯ್ಯಲು ಯಾರೂ ಬರಲಿಲ್ಲ. 19ಕ್ಕೆ ನೋಡಿದರೆ ಗ್ರಾಹಕರು ಮನೆಯಲ್ಲಿರಲಿಲ್ಲ ಎಂಬ ಕಾರಣ ಕೊಟ್ಟು ಟಿಕೆಟ್ ಮುಚ್ಚಲಾಗಿತ್ತು. ಹೊಸ ದೂರು ಕೊಡಹೋದರೆ ಅವಧಿ ಮುಗಿದಿದೆ ಎಂಬ ಉತ್ತರ. ಅಷ್ಟರಲ್ಲಿ ಆ ಮಿಕ್ಸಿಯ ಮಾರಾಟದ ಪುಟದಲ್ಲೂ ‘ಬದಲಿ’ ಹೋಗಿ ‘ಸರ್ವಿಸ್ ಮಾತ್ರ’ ಬಂದು ಕೂತಿತ್ತು.

ಇಲ್ಲಿ ಜಾರು ಸೋರುತ್ತದೆಯೇ ಎಂಬುದು ವ್ಯಾಜ್ಯವೇ ಅಲ್ಲ. ನೀರು ಹಾಕಿದರೆ ಯಾರಿಗೂ ಕಾಣುತ್ತದೆ. ವ್ಯಾಜ್ಯವೆಲ್ಲ ತಾರೀಖಿನದು. 8ರಂದು ಅಂಗಡಿ ಏನು ಹೇಳಿತ್ತು, 14ರಂದು ಇವರು ಏನು ಹೇಳಿದರು, 19ರಂದು ಪುಟ ಏನು ತೋರಿಸಿತು. ಕಾನೂನಿನ ಗಡಿಯಾರ ಓಡುವುದೂ ಇಂಥ ಗಳಿಗೆಗಳಿಂದಲೇ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಗಡಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರು ಮುಟ್ಟಿದ್ದು ಯಾವಾಗ ಎಂದು ತೋರಿಸಲಾಗದಿದ್ದರೆ 48 ಗಂಟೆಯನ್ನು ಎಲ್ಲಿಂದ ಎಣಿಸುವುದು?

ಶಿಕ್ಷಕಿ ನನಗೆ ತೋರಿಸಿದ್ದು ಟಿಕೆಟ್ ನಂಬರಿನ ಒಂದು ತುಂಡು ಚಿತ್ರ. ನಂಬರ್ ಇದೆ, ಬೇರೇನೂ ಇಲ್ಲ. ಕತ್ತರಿಸುವ ಮುಂಚಿನ ಮೂಲ ಫೋನಿನಲ್ಲಿದೆಯೇ ಎಂದು ಕೇಳಿದೆ. ಪುಣ್ಯಕ್ಕೆ ಇತ್ತು. ಅದರಲ್ಲಿ ಮೇಲೆ 6:42 ಎಂದಿದೆ, ತಾರೀಖಿಲ್ಲ. ಹೆಚ್ಚಿನ ಫೋನುಗಳ ಕಥೆಯೇ ಹೀಗೆ: ನೆತ್ತಿಯ ಪಟ್ಟಿಯಲ್ಲಿ ಗಂಟೆ ಕಾಣುತ್ತದೆ, ದಿನ ಕಾಣುವುದಿಲ್ಲ. ಅಂಗಡಿಯ ಆ್ಯಪ್ ಒಳಗೆ ತೆಗೆದ ಚಿತ್ರವಾದ್ದರಿಂದ ವೆಬ್ ವಿಳಾಸವೂ ಇಲ್ಲ. ಆ್ಯಪ್‌ಗಳಲ್ಲಿ ಅಡ್ರೆಸ್ ಬಾರ್ ಎಂಬುದೇ ಇರುವುದಿಲ್ಲವಲ್ಲ.

ಹಾಗಾಗಿ ದೂರಿನ ಕೆಲಸಕ್ಕೆ ನನ್ನ ಓಟು ಕಂಪ್ಯೂಟರಿಗೆ. ಮನೆಯಲ್ಲಿಲ್ಲದಿದ್ದರೆ ಸೈಬರ್ ಸೆಂಟರಿನದಾದರೂ ಆದೀತು, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗಲು ಮರೆಯದಿದ್ದರೆ. ಅದೇ ಅಂಗಡಿಯ ವೆಬ್‌ಸೈಟನ್ನು ಬ್ರೌಸರಿನಲ್ಲಿ ತೆರೆದು, ಲಾಗಿನ್ ಆಗಿ, ಆ ಆರ್ಡರಿನ ಪುಟಕ್ಕೇ ಹೋಗಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಮೇಲೆ ಅಡ್ರೆಸ್ ಬಾರ್, ಕೆಳಗೆ ಬಲಮೂಲೆಯಲ್ಲಿ ಗಂಟೆ ಮತ್ತು ತಾರೀಖು, ನಡುವೆ ದೂರು. ಬೇಕಾದದ್ದೆಲ್ಲ ಒಂದೇ ಚೌಕಟ್ಟಿನಲ್ಲಿದೆ. ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು PrtSc ಒತ್ತಿದರೆ ಇಡೀ ಪರದೆ Pictures ಫೋಲ್ಡರಿನೊಳಗಿನ Screenshots ಎಂಬಲ್ಲಿ ತಾನಾಗಿ ಉಳಿಯುತ್ತದೆ. ಬೇಕಾದ ಭಾಗವನ್ನಷ್ಟೇ ಆರಿಸಿಕೊಳ್ಳುವ ಕತ್ತರಿ ಉಪಕರಣ ಈ ಕೆಲಸಕ್ಕೆ ಬೇಡ. ಬ್ರೌಸರನ್ನು ಫುಲ್‌ಸ್ಕ್ರೀನ್ ಮಾಡಿದ್ದರೆ ಗಂಟೆಯೂ ವಿಳಾಸವೂ ಮರೆಯಾಗುತ್ತವೆ, ಅದನ್ನೊಮ್ಮೆ ನೋಡಿಕೊಳ್ಳಿ.

ವಿಳಾಸದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂಗಡಿಯ ಹೆಸರು ಕಂಡರೆ ಸಾಲದು, ಅದರ ಹಿಂದೆ ಬರುವ ಉದ್ದ ಬಾಲ ಮುಖ್ಯ. ಎಷ್ಟೋ ಅಂಗಡಿಗಳಲ್ಲಿ ಆರ್ಡರ್ ನಂಬರ್ ಇರುವುದು ಆ ಬಾಲದಲ್ಲೇ. ಕ್ರೋಮ್ ಬ್ರೌಸರು ವಿಳಾಸದ ಮೊದಲ ಭಾಗವನ್ನು ಮುಚ್ಚಿಡುತ್ತದೆ. ಅಡ್ರೆಸ್ ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ Always show full URLs ಆರಿಸಿದರೆ ಪೂರ್ತಿ ತೋರಿಸುತ್ತದೆ. ಆದರೂ ಉದ್ದ ವಿಳಾಸ ಪರದೆಯ ಅಗಲಕ್ಕೆ ತುಂಡಾಗಬಹುದು. ಚಿತ್ರದಲ್ಲಿ ಕಂಡ ವಿಳಾಸವನ್ನು ಮತ್ತೊಬ್ಬರು ಅಕ್ಷರ ಅಕ್ಷರವಾಗಿ ಟೈಪು ಮಾಡುವುದೂ ಆಗದ ಮಾತು. ಅದಕ್ಕೇ ವಿಳಾಸವನ್ನು ಕಾಪಿ ಮಾಡಿ, ಚಿತ್ರವನ್ನು ಅಟ್ಯಾಚ್ ಮಾಡಿದ ಇಮೇಲಿನಲ್ಲಿ ಅಂಟಿಸಿ, ಆಗಲೇ ನಿಮಗೆ ನೀವೇ ಕಳಿಸಿಕೊಳ್ಳಿ. ಆ ಇಮೇಲಿನ ಸಮಯ ನಿಮ್ಮ ಕೈಗಡಿಯಾರದ್ದಲ್ಲ, ಮೇಲ್ ಸರ್ವರಿನದು. ಕಂಪ್ಯೂಟರಿನ ತಾರೀಖನ್ನು ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದು ಎಂಬ ಆಕ್ಷೇಪ ಬಂದಾಗ ನೆರವಿಗೆ ಬರುವುದು ಇದೇ.

ಚಿತ್ರದ ಜೊತೆಗೆ ಅದೇ ಪುಟದ ಪಿಡಿಎಫ್ ಕೂಡ ಇರಲಿ. Ctrl+P ಒತ್ತಿ, ಪ್ರಿಂಟರಿನ ಬದಲು Save as PDF ಆರಿಸಿ, More settings ಒಳಗೆ Headers and footers ಗುರುತು ಹಾಕಿದರೆ, ಪ್ರತಿ ಹಾಳೆಯ ತಲೆಯಲ್ಲಿ ತಾರೀಖು-ಗಂಟೆ, ಬುಡದಲ್ಲಿ ವಿಳಾಸ ಮತ್ತು ಪುಟಸಂಖ್ಯೆ ಬೀಳುತ್ತವೆ. ಒಂದು ಎಚ್ಚರಿಕೆ: ಬ್ರೌಸರಿನ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ಜೂನ್ 8 ಎಂಬುದು 6/8/25 ಎಂದು ಮುದ್ರಣವಾಗುತ್ತದೆ, ನಮ್ಮ ಕಣ್ಣಿಗೆ ಅದು ಆಗಸ್ಟ್ 6. ಇನ್ನೊಂದು ಕೊರತೆಯೆಂದರೆ, ಮುದ್ರಣಕ್ಕೆ ಹೋಗುವಾಗ ಕೆಲವು ಪುಟಗಳು ತಮ್ಮ ರೂಪವನ್ನೇ ಬದಲಿಸಿಕೊಂಡು ಚಾಟ್ ಕಿಟಕಿಯಂಥವನ್ನು ಬಿಟ್ಟುಬಿಡುತ್ತವೆ. ಹಾಗಾಗಿ ಪಿಡಿಎಫ್ ಬಂತೆಂದು ಸ್ಕ್ರೀನ್‌ಶಾಟನ್ನು ಬಿಡುವ ಹಾಗಿಲ್ಲ.

ಯಾವ ಗಳಿಗೆಯಲ್ಲಿ ತೆಗೆಯಬೇಕು ಎಂಬುದರಲ್ಲೇ ಜನ ಎಡವುವುದು. ಟಿಕೆಟ್ ನಂಬರ್ ಬಂದ ಮೇಲಿನ ಧನ್ಯವಾದದ ಪುಟವನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ. ಅದಕ್ಕೆ ಒಂದು ಹೆಜ್ಜೆ ಹಿಂದೆ, ದೂರಿನ ಪೂರ್ತಿ ಒಕ್ಕಣೆ ತುಂಬಿ ಇನ್ನೂ Submit ಒತ್ತದಿರುವ ಪುಟವನ್ನು ತೆಗೆಯುವವರು ಅಪರೂಪ. ಆಮೇಲೆ ಅಂಗಡಿಯ ದಾಖಲೆಯಲ್ಲಿ ಉಳಿಯುವುದು ‘ಉತ್ಪನ್ನದ ಸಮಸ್ಯೆ’ ಎಂಬ ಒಂದು ಸಾಲು ಮಾತ್ರ ಆಗಿರಬಹುದು. ಜಾರು ಸೋರುತ್ತದೆ, ಬದಲಿ ಬೇಕು ಎಂದು ನೀವು ಬರೆದದ್ದಕ್ಕೆ ಸಾಕ್ಷಿ ಆ ತುಂಬಿದ ಫಾರಂ ಒಂದೇ. ಹಾಗೆಯೇ ಮಾತು ಕೊಟ್ಟ ಪುಟವನ್ನು ಸಾಮಾನು ಬಂದ ದಿನವೇ ತೆಗೆದಿಡುವುದು ಒಳ್ಳೆಯದು. ಮಾರಾಟದ ಪುಟ ಲಾಗಿನ್ ಇಲ್ಲದೆ ಎಲ್ಲರಿಗೂ ತೆರೆಯುವಂಥದ್ದಾದರೆ web.archive.org ತಾಣದ Save Page Now ಪೆಟ್ಟಿಗೆಯಲ್ಲಿ ಅದರ ವಿಳಾಸ ಹಾಕಿ, ಮೂರನೆಯವರ ಹತ್ತಿರ ಒಂದು ಪ್ರತಿ ಇರಿಸಬಹುದು, ತಾಣವು ಅದಕ್ಕೆ ಅಡ್ಡಿ ಮಾಡಿರದಿದ್ದರೆ. ಆ ಪ್ರತಿಯ ವಿಳಾಸದಲ್ಲಿ 20250608131200 ಎಂಬಂಥ ಹದಿನಾಲ್ಕು ಅಂಕಿ ಇರುತ್ತವೆ. ಅದು ಲಂಡನ್ನಿನ ಗ್ರೀನ್‌ವಿಚ್ ಲೆಕ್ಕದ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಂಜೆ 6:42. ಇದನ್ನು ವಿವರಿಸದೆ ಆಯೋಗಕ್ಕೆ ಕೊಟ್ಟರೆ ನಿಮ್ಮದೇ ಎರಡು ದಾಖಲೆಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ.

ಇಷ್ಟೆಲ್ಲ ಮಾಡಿದರೂ ಚಿತ್ರವನ್ನು ತಿದ್ದಲು ಸಾಧ್ಯ. ಬ್ರೌಸರಿನಲ್ಲಿ F12 ಒತ್ತಿ ಪುಟದ ಯಾವ ಅಕ್ಷರವನ್ನಾದರೂ ನಿಮಿಷದಲ್ಲಿ ಬದಲಿಸಬಹುದು, ಮೇಲಿನ ವಿಳಾಸ ಅಲ್ಲಾಡುವುದಿಲ್ಲ. ಎದುರು ಪಕ್ಷಕ್ಕೂ ಇದು ಗೊತ್ತು. ಆದ್ದರಿಂದ ಚಿತ್ರದ ಬಲ ಇರುವುದು ಅಕ್ಕಪಕ್ಕದ ದಾಖಲೆಗಳ ಜೊತೆ ಅದು ಹೇಗೆ ಹೊಂದುತ್ತದೆ ಎಂಬುದರಲ್ಲಿ. ಶಿಕ್ಷಕಿಯ ಚಿತ್ರಕ್ಕೆ ತಾರೀಖಿಲ್ಲದಿದ್ದರೂ ಅದೇ ಟಿಕೆಟ್ ನಂಬರ್ ಹೊತ್ತ ಎಸ್‌ಎಂಎಸ್ ಜೂನ್ 14ರ 6:43ಕ್ಕೆ ಬಂದು ಫೋನಿನಲ್ಲೇ ಕೂತಿತ್ತು. ಚಿತ್ರದ ಫೈಲಿನ ಹೆಸರೂ Screenshot_20250614-184218.png ಎಂದಿತ್ತು. ಹೆಸರನ್ನು ಬದಲಿಸಬಹುದು, ಎಸ್‌ಎಂಎಸ್ ಕಳಿಸಿದ್ದು ಅಂಗಡಿಯೇ. ಅವರ ಪ್ರಕರಣ ನಿಂತದ್ದು ಈ ಎರಡನೆಯದರ ಮೇಲೆ.

ಮೂಲ ಫೈಲನ್ನು ಮುಟ್ಟಬಾರದು. ಗೆರೆ, ಬಾಣ ಎಲ್ಲ ನಕಲಿನ ಮೇಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಬೇರೆಯೇ ಫೈಲು ಮಾಡುತ್ತದೆ. ವಕೀಲರಿಗೆ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲ ಬದಲಾಗಿಲ್ಲ ಎಂದು ತೋರಿಸಲು ಹ್ಯಾಶ್ ಎಂಬ ಅಂಕಿ-ಅಕ್ಷರಗಳ ಸಾಲೊಂದಿದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಫೈಲಿರುವ ಫೋಲ್ಡರಿಗೆ ಹೋಗಿ ಹೀಗೆ ಬರೆದರೆ ಅದು ಸಿಗುತ್ತದೆ:

```
certutil -hashfile mixi.png SHA256
```

ಚಿತ್ರದ ಒಂದು ಚುಕ್ಕೆ ಬದಲಾದರೂ ಈ ಸಾಲು ಪೂರಾ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲೆಂದೇ ಜಾಗವಿದೆ. ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಜಾಗಕ್ಕೆ ಬಂದದ್ದು ಇದು. ಪ್ರಮಾಣಪತ್ರದ ಮೊದಲ ಭಾಗವನ್ನು ದಾಖಲೆ ಹಾಜರುಪಡಿಸುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಗ್ರಾಹಕರ ಆಯೋಗದಲ್ಲಿ ವಿಚಾರಣೆ ನಡೆಯುವುದು ಅಫಿಡವಿಟ್ ಮತ್ತು ದಾಖಲೆಗಳ ಮೇಲೆ. ಸಿವಿಲ್ ಕೋರ್ಟಿನಷ್ಟು ಬಿಗಿಯಿಲ್ಲ. ಆದರೂ ಯಾವ ಫೋನಿನಲ್ಲಿ, ಯಾವಾಗ, ಯಾರು ತೆಗೆದದ್ದು ಎಂದು ಅಫಿಡವಿಟ್‌ನಲ್ಲಿ ಒಂದು ಪ್ಯಾರಾ ಇರಲೇಬೇಕು. ಆ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಟ್ಟುಬಿಡಬೇಡಿ. ಮೂಲ ಸಾಧನವನ್ನೇ ಅದರ ಮಾಲೀಕರು ಹಾಜರುಪಡಿಸಿ ಸಾಬೀತು ಮಾಡಿದರೆ 65ಬಿ ಪ್ರಮಾಣಪತ್ರ ಬೇಕಿಲ್ಲ ಎಂದು 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಕಂಪ್ಯೂಟರ್ ಸಿಗದೆ ಫೋನೇ ಗತಿಯಾದರೆ ಸ್ಥಿರಚಿತ್ರಕ್ಕಿಂತ ಸ್ಕ್ರೀನ್ ರೆಕಾರ್ಡಿಂಗ್ ವಾಸಿ. ರೆಕಾರ್ಡಿಂಗ್ ಶುರು ಮಾಡಿ, ಮೇಲಿನ ಪರದೆಯನ್ನು ಕೆಳಗೆಳೆದು ತಾರೀಖು ಕಾಣಿಸಿ, ಬ್ರೌಸರಿನಲ್ಲಿ ಪುಟ ತೆರೆದು, ವಿಳಾಸದ ಮೇಲೊಮ್ಮೆ ಒತ್ತಿ ಪೂರ್ತಿ ತೋರಿಸಿ, ಪುಟವನ್ನೊಮ್ಮೆ ರಿಫ್ರೆಶ್ ಮಾಡಿ, ನಿಧಾನಕ್ಕೆ ಕೆಳಗಿನವರೆಗೆ ಸರಿಸಿ. ರಿಫ್ರೆಶ್ ಯಾಕೆಂದರೆ, F12 ತಿದ್ದುಪಡಿ ಅದರೊಂದಿಗೆ ಅಳಿಸಿಹೋಗಿ ಸರ್ವರಿನಿಂದ ಪುಟ ಹೊಸದಾಗಿ ಬರುತ್ತದೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಪರದೆಯ ಚಿತ್ರ ತೆಗೆಯಲು ಬಿಡುವುದೇ ಇಲ್ಲ, ಕಪ್ಪು ಚೌಕ ಬರುತ್ತದೆ. ಅಲ್ಲಿ ಇನ್ನೊಂದು ಫೋನಿನ ಕ್ಯಾಮೆರಾ ಹಿಡಿಯುವುದೊಂದೇ ದಾರಿ.

ಉದ್ದ ಪುಟವನ್ನು ಒಂದೇ ಪಟ್ಟಿಯಾಗಿ ಹೊಲಿದುಕೊಡುವ ಸ್ಕ್ರೋಲ್ ಸ್ಕ್ರೀನ್‌ಶಾಟ್ ನನಗೆ ಹಿಡಿಸದು. ಗಂಟೆ ಉಳಿದರೆ ತುದಿಯಲ್ಲೊಮ್ಮೆ, ಉಳಿದ ಉದ್ದಕ್ಕೆ ಯಾವ ಗುರುತೂ ಇಲ್ಲ. ಎ4 ಹಾಳೆಗೆ ಇಳಿಸಿದರಂತೂ ಅಕ್ಷರ ಸಾಸಿವೆಯಷ್ಟು. ಹಿಂದಿನದರ ಕೊನೆಯ ಎರಡು ಸಾಲು ಮುಂದಿನದರಲ್ಲೂ ಬರುವಂತೆ ಬಿಡಿ ಬಿಡಿಯಾಗಿ ತೆಗೆದು, ಒಂದೊಂದನ್ನು ಒಂದೊಂದು ಹಾಳೆಯಲ್ಲಿ ಅಡ್ಡಡ್ಡ ಮುದ್ರಿಸಿ, ಕೆಳಗೆ ಅದರ ವಿಳಾಸವನ್ನು ಓದುವ ಗಾತ್ರದಲ್ಲಿ ಟೈಪು ಮಾಡಿಸಿ ಸಹಿ ಹಾಕಿ. ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಮೊದಲು ಮಾಯವಾಗುವುದು ಅಡ್ರೆಸ್ ಬಾರಿನ ತಿಳಿಬೂದು ಅಕ್ಷರಗಳೇ.