ಬೂದಿಕೋಟೆಯಲ್ಲಿ ಯಾರ ನಗಾರಿ?

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ವಿಡಿಯೋ ಮಾಡುವವರಿಗೆ ಇಷ್ಟು ಸಾಕು. ಡ್ರೋನು ಕೋಟೆಯ ಗೋಡೆ ದಾಟುವಷ್ಟರಲ್ಲಿ ಯುದ್ಧದ ನಗಾರಿ ಶುರುವಾಗಿರುತ್ತದೆ. ಪಕ್ಕದ ಕೆಜಿಎಫ್‌ನ ಸಯನೈಡ್ ದಿಬ್ಬಗಳಿಗೂ ಅದೇ ನಗಾರಿ, ಸ್ವಲ್ಪ ನಿಧಾನ ಅಷ್ಟೇ. ಕೆಳಗೆ ‘ರಾಯಲ್ಟಿ ಫ್ರೀ ಮ್ಯೂಸಿಕ್’ ಎಂಬ ಒಂದು ಸಾಲು. ಯಾರು ಬಾರಿಸಿದ್ದು, ಎಲ್ಲಿಂದ ತಂದದ್ದು ಎಂಬ ಸುಳಿವಿಲ್ಲ. ಇಂಥ ಸಂಗೀತದ ಮೂಲ ಪತ್ತೆ ಮಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅವರು ಹುಡುಕುವ ರೀತಿಯ ಬಗ್ಗೆ ನನಗೆ ತಕರಾರಿದೆ.

ಮೊದಲು ಎಲ್ಲರೂ ಮೊಬೈಲನ್ನು ಸ್ಪೀಕರಿಗೆ ಹಿಡಿದು ಶಜಾಮ್ ಒತ್ತುತ್ತಾರೆ. ಅದು ಧ್ವನಿಯಲ್ಲಿ ಎದ್ದು ಕಾಣುವ ಬಿಂದುಗಳನ್ನು ಗುರುತಿಸಿ, ಅವುಗಳ ನಡುವಿನ ಅಂತರವನ್ನು ತನ್ನ ದಾಸ್ತಾನಿನೊಂದಿಗೆ ಹೋಲಿಸುತ್ತದೆ. ಗದ್ದಲವಿದ್ದರೂ ಕೆಲಸ ಮಾಡುತ್ತದೆ, ಆದರೆ ಎಡಿಟರ್ ಶ್ರುತಿಯನ್ನೋ ವೇಗವನ್ನೋ ಬದಲಿಸಿದ್ದರೆ ಕೈಕೊಡುತ್ತದೆ. ಉತ್ತರ ಬಾರದಿದ್ದರೆ ಚಿಂತೆಯಿಲ್ಲ; ತಪ್ಪು ಉತ್ತರ ಬಂದರೇ ಕಷ್ಟ. ರಿಯಾನಾಳ 2007ರ ‘ಅಂಬ್ರೆಲಾ’ದ ಡ್ರಮ್ಮು ಆಪಲ್‌ನ ಗ್ಯಾರೇಜ್‌ಬ್ಯಾಂಡಿನಲ್ಲಿ ಎಲ್ಲರಿಗೂ ಸಿಗುವ ಒಂದು ಲೂಪು. ಇಂಥದೇ ಸಿದ್ಧ ಲೂಪಿನ ಮೇಲೆ ಯಾರೋ ಹಾಡು ಕಟ್ಟಿ ಬಿಡುಗಡೆ ಮಾಡಿದ್ದರೆ, ಬೂದಿಕೋಟೆಯ ವಿಡಿಯೋಗೂ ಆ ಹಾಡಿಗೂ ಸಂಬಂಧವೇ ಇಲ್ಲದಿದ್ದರೂ ಪರದೆಯ ಮೇಲೆ ಅದರ ಹೆಸರು ಬರಬಹುದು. ಬಹಳ ಜನ ಅಲ್ಲಿಗೇ ಹುಡುಕಾಟ ನಿಲ್ಲಿಸುತ್ತಾರೆ.

ಆಮೇಲೆ ಉಳಿಯುವುದು ಸಂಗೀತ ಭಂಡಾರಗಳು: ಯೂಟ್ಯೂಬಿನದೇ ಆಡಿಯೋ ಲೈಬ್ರರಿ, ಕೆವಿನ್ ಮೆಕ್ಲೌಡ್‌ನ incompetech, ಪಿಕ್ಸಾಬೇ, ದುಡ್ಡು ಕೊಡುವುದಾದರೆ ಎಪಿಡೆಮಿಕ್ ಸೌಂಡ್, ಆರ್ಟ್‌ಲಿಸ್ಟ್. ಇವುಗಳ ಹುಡುಕು ಪಟ್ಟಿ ಇರುವುದು ಸಂಗೀತ ಆರಿಸುವವನಿಗಾಗಿ, ಕೇಳಿದ್ದನ್ನು ಪತ್ತೆ ಮಾಡುವವನಿಗಾಗಿ ಅಲ್ಲ. ಹಾಗಾಗಿ ನಮ್ಮ ಕಿವಿಗೆ ಏನು ಕೇಳಿಸಿತು ಎಂದು ಟೈಪ್ ಮಾಡುತ್ತ ಕೂತರೆ ಪ್ರಯೋಜನವಿಲ್ಲ. ರಾತ್ರಿ ಹನ್ನೊಂದಕ್ಕೆ ವಿಡಿಯೋ ಮುಗಿಸುವ ಅವಸರದಲ್ಲಿದ್ದ ಎಡಿಟರ್ ಏನು ಟೈಪ್ ಮಾಡಿದ್ದ ಎಂದು ಊಹಿಸಬೇಕು. ‘ನಗಾರಿ’ ಎಂದು ಅವನು ಹುಡುಕಿರುವುದಿಲ್ಲ. epic ಎಂದೋ war ಎಂದೋ ಕೊಟ್ಟು, ಮೊದಲ ಪುಟದಲ್ಲೇ ಸಿಕ್ಕ ಒಂದನ್ನು ಇಳಿಸಿಕೊಂಡಿರುತ್ತಾನೆ.

ಒಂದು ನಾಲ್ಕು ನಿಮಿಷದ ಕೋಟೆ ವಿಡಿಯೋ ತೆಗೆದುಕೊಳ್ಳಿ. ನಿರೂಪಣೆಯಿಲ್ಲದ ಜಾಗ ಮೊದಲು ಹಿಡಿಯಬೇಕು. ಸಾಮಾನ್ಯವಾಗಿ ಅದು ಆರಂಭದ ಡ್ರೋನ್ ಶಾಟು. ಅಲ್ಲಿ ತಾಳಕ್ಕೆ ಸರಿಯಾಗಿ ಬೆರಳು ಬಡಿದು ನೋಡಿದರೆ ನಿಮಿಷಕ್ಕೆ 70 ಪೆಟ್ಟು ಬಂತು ಎನ್ನಿ. ಭಂಡಾರದಲ್ಲಿ 70ರ ಜೊತೆಗೆ 140ನ್ನೂ ನೋಡಲೇಬೇಕು, ಏಕೆಂದರೆ ಅದೇ ತಾಳವನ್ನು ಅಲ್ಲಿ ಇಮ್ಮಡಿಯಾಗಿ ಎಣಿಸಿರಬಹುದು. ಮುಂದೆ ಕೇಳುತ್ತ ಹೋದರೆ 2 ನಿಮಿಷ 20 ಸೆಕೆಂಡಿನ ಹೊತ್ತಿಗೆ ನಗಾರಿಯ ಮೊಳಗು ತಟ್ಟನೆ ಕತ್ತರಿಸಿದಂತಾಗಿ ಮೊದಲಿನ ಸದ್ದೇ ಮತ್ತೆ ಶುರುವಾಗುತ್ತದೆ. ಟ್ರ್ಯಾಕ್ ಮುಗಿದಿದೆ, ಎಡಿಟರ್ ಅದನ್ನೇ ಮತ್ತೆ ಅಂಟಿಸಿದ್ದಾನೆ. ಈ ಜೋಡಣೆ ಸಿಕ್ಕರೆ ಟ್ರ್ಯಾಕಿನ ಉದ್ದ ಸಿಕ್ಕಂತೆ. ಆಡಿಯೋ ಲೈಬ್ರರಿಯಲ್ಲಿ ಪ್ರಕಾರ, ಭಾವ, ಅವಧಿ ಮೂರರ ಮೇಲೂ ಸೋಸಬಹುದು. Incompetech ತಾಳದ ವೇಗವನ್ನೂ ಬರೆದಿಡುತ್ತದೆ. ಸೋಸಿದ ಮೇಲೆ ಉಳಿಯುವಷ್ಟನ್ನು ಕೂತು ಕೇಳಬಹುದು.

ಕೇಳುವಾಗಲೇ ಜನ ಎಡವುವುದು. ಈ ಜಾತಿಯ ಟ್ರ್ಯಾಕುಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕೇಳಿಸುತ್ತವೆ, ‘ಹಾಂ, ಇದೇ’ ಅನ್ನಿಸಿಬಿಡುತ್ತದೆ. ವಿಡಿಯೋದ ಸದ್ದು, ಸಿಕ್ಕ ಟ್ರ್ಯಾಕು ಎರಡನ್ನೂ ಆಡಾಸಿಟಿಯಲ್ಲಿ ಒಂದರ ಕೆಳಗೊಂದಿಟ್ಟು ಮೊದಲ ಪೆಟ್ಟನ್ನು ಹೊಂದಿಸಿ. ಒಂದೂವರೆ ನಿಮಿಷದ ಆಚೆಗೂ ಪ್ರತಿ ಪೆಟ್ಟು ಅದೇ ಜಾಗದಲ್ಲಿ ಬಿದ್ದರೆ ಅದು ಅದೇ ಟ್ರ್ಯಾಕು. ಪೆಟ್ಟುಗಳು ಒಂದೇ ಸಮನೆ, ಸ್ವಲ್ಪಸ್ವಲ್ಪವೇ ದೂರ ಸರಿಯುತ್ತ ಹೋದರೆ ವೇಗ ಬದಲಾಗಿರಬಹುದು. ತಿದ್ದಿ ಮತ್ತೆ ನೋಡಬೇಕು. ಎಲ್ಲೋ ಒಂದು ಕಡೆ ಮಾತ್ರ ತಾಳೆಯಾದರೆ ಸಿಕ್ಕಿದ್ದು ಬರೀ ಲೂಪು.

ಎಡಿಟರನ ಮೇಲೂ ನನಗೆ ಸಿಟ್ಟಿದೆ. ತಮಟೆಗೆ 2023ರಲ್ಲಿ ಪದ್ಮಶ್ರೀ ತಂದ ಮುನಿವೆಂಕಟಪ್ಪನವರು ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಸೀಮೆಯವರು. ಆ ಪೆಟ್ಟು ಕೇಳುವ ನೆಲದ ಕೋಟೆಗೆ ಹಾಲಿವುಡ್ ಟ್ರೈಲರಿನ ಸದ್ದು! ಆದರೆ ಅವನೊಬ್ಬನನ್ನೇ ದೂರಿ ಫಲವಿಲ್ಲ. ಭಂಡಾರಗಳಲ್ಲಿ India ಎಂದು ಕೊಟ್ಟರೆ ಸಿತಾರು, ತಬಲಾಗಳೇ ಮುಂದೆ ಬರುತ್ತವೆ. ಹಣೆಪಟ್ಟಿ ಇಲ್ಲದ್ದನ್ನು ಅವನಾದರೂ ಹೇಗೆ ಹುಡುಕಿಯಾನು?

ಹೆಸರು ಸಿಕ್ಕಿತೆಂದು ಟ್ರ್ಯಾಕ್ ಬಳಸಲು ಹೊರಡುವುದೂ ಅವಸರವೇ. ‘ನೋ ಕಾಪಿರೈಟ್’ ಎಂದು ಮರುಏರಿಸುವ ಚಾನೆಲ್ಲುಗಳು ಟ್ರ್ಯಾಕಿನ ಹೆಸರನ್ನೇ ಬದಲಿಸಿರುತ್ತವೆ, ಅವುಗಳ ಮಾತು ಪರವಾನಗಿ ಆಗುವುದಿಲ್ಲ. ಮೂಲ ಪುಟಕ್ಕೇ ಹೋಗಬೇಕು. ಮೆಕ್ಲೌಡ್‌ನ ಬಹುತೇಕ ಸಂಗೀತ ಸಿಗುವುದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ. ದುಡ್ಡು ಬೇಡ, ಆದರೆ ಟ್ರ್ಯಾಕಿನ ಹೆಸರು, ಅವನ ಹೆಸರು, ಪರವಾನಗಿಯ ಕೊಂಡಿ ಬರೆಯಲೇಬೇಕು. ಅಂಥ ಟ್ರ್ಯಾಕಿಗೆ ‘ರಾಯಲ್ಟಿ ಫ್ರೀ ಮ್ಯೂಸಿಕ್’ ಎಂದಷ್ಟೇ ಬರೆದು ಕೈತೊಳೆದುಕೊಂಡ ಕೋಟೆ ವಿಡಿಯೋ ಆ ಷರತ್ತನ್ನು ಮುರಿದೇ ಓಡುತ್ತಿದೆ.