47/3 (5.2): ಒಂದು ಸ್ಕೋರ್ ಸಂದೇಶವನ್ನು ಓದುವ ಬಗೆ

ನಮ್ಮ ಪದವಿ ಕಾಲೇಜಿನಲ್ಲಿ ಅಂತರ ತರಗತಿ ಕ್ರಿಕೆಟ್ ಪಂದ್ಯಾವಳಿ ಎರಡು ದಿನ ನಡೆಯಿತು. ಟೆನಿಸ್ ಬಾಲ್ ಆಟ, ಪಂದ್ಯಕ್ಕೆ ಎಂಟೆಂಟು ಓವರ್, ತಂಡಗಳು ಎಂಟು. ಮೈದಾನದಲ್ಲಿ ಆಟ ನಡೆದಿದ್ದಾಗ ಕೊಠಡಿಗಳಲ್ಲಿ ಪಾಠವೂ ನಡೆದಿತ್ತು. ಯಾವ ತರಗತಿಯ ಪಂದ್ಯವೋ ಆ ತರಗತಿಯವರಿಗೆ ಮಾತ್ರ, ಅದೂ ಪಂದ್ಯದ ಹೊತ್ತಿಗೆ ಮಾತ್ರ, ಹೊರಗೆ ಹೋಗಲು ಅನುಮತಿ. ಹಾಗಾಗಿ ಎರಡು ದಿನವೂ ನನ್ನ ಕನ್ನಡ ತರಗತಿಯಲ್ಲಿ ಯಾರು ಕೂರಬೇಕು, ಯಾರು ಏಳಬೇಕು ಎಂಬುದನ್ನು ನಿರ್ಧರಿಸಿದ್ದು ವಾಟ್ಸಾಪ್ ಗ್ರೂಪಿಗೆ ಬರುತ್ತಿದ್ದ ಸ್ಕೋರ್ ಸಂದೇಶ. ಹಾಕುತ್ತಿದ್ದವಳು ದ್ವಿತೀಯ ಬಿ.ಕಾಂ.ನ ಒಬ್ಬ ವಿದ್ಯಾರ್ಥಿನಿ. ಅವಳ ಬರವಣಿಗೆ ಎರಡು ದಿನಗಳಲ್ಲಿ ಹೇಗೆ ಬದಲಾಯಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ಒಂದು ಕೃತಿಯನ್ನು ನೋಡುವ ಗಮನದಿಂದಲೇ ನೋಡಬೇಕೆನಿಸಿತು. ನೂರೆಂಬತ್ತು ಜನ ಕಾದು ಓದಿದ ಬರಹ ಅದು.

ಮೊದಲ ದಿನದ ಮೊದಲ ಸಂದೇಶದಲ್ಲಿ ಕಾಲೇಜಿನ ಹೆಸರು ಒಂದು ಸಾಲು, ಪಂದ್ಯಾವಳಿಯ ಹೆಸರು ಇನ್ನೊಂದು ಸಾಲು, ಅದರ ಕೆಳಗೆ ಬ್ಯಾಟು ಚೆಂಡಿನ ಚಿತ್ರಗಳ ಸಾಲು. ಸ್ಕೋರು ನಾಲ್ಕನೆಯ ಸಾಲಿನಲ್ಲಿತ್ತು. ಬೀಗ ಹಾಕಿದ ಫೋನಿನ ಪರದೆಯಲ್ಲಿ ಕಾಣುವುದು ಸಂದೇಶದ ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ಕಾಲೇಜಿನ ಹೆಸರು ಕಂಡರೆ ಯಾರಿಗೇನು ಲಾಭ? ಗ್ರೂಪಿನಲ್ಲಿರುವವರೆಲ್ಲ ಅದೇ ಕಾಲೇಜಿನವರು. ಮಧ್ಯಾಹ್ನದ ಹೊತ್ತಿಗೆ ಆ ಮೂರು ಸಾಲುಗಳು ಹೋಗಿದ್ದವು. ಎರಡನೆಯ ದಿನ, ಮೊದಲ ಸೆಮಿಫೈನಲ್ ನಡೆಯುವಾಗ ಬೆಳಿಗ್ಗೆ 11:17ಕ್ಕೆ ಬಂದ ಸಂದೇಶ ಹೀಗಿತ್ತು:

```
*ಪಂ.5: 2 ಬಿಕಾಂ 47/3 (5.2)*
ಗುರಿ 68, ಬೇಕು 21, ಎಸೆತ 16
ಮುಂದೆ ಪಂ.6: 3 ಬಿಎಸ್ಸಿ - 1 ಬಿಎ, 11:40
(11:17ಕ್ಕೆ ಹಾಕಿದ್ದು)
```

ಮೊದಲ ಸಾಲಿನ ಎರಡು ತುದಿಗೂ ನಕ್ಷತ್ರ ಚಿಹ್ನೆ ಹಾಕಿದರೆ ವಾಟ್ಸಾಪಿನಲ್ಲಿ ಆ ಸಾಲು ದಪ್ಪಕ್ಷರದಲ್ಲಿ ಮೂಡುತ್ತದೆ. ಬೇರೆ ಅಲಂಕಾರ ಏನೂ ಇಲ್ಲ. ಮೂರನೆಯ ವಿಕೆಟ್ ಆಗಷ್ಟೇ ಬಿದ್ದಿತ್ತು, ಅದಕ್ಕೇ ಓವರಿನ ನಡುವೆ ಸಂದೇಶ ಬಂದಿದೆ. ಉಳಿದಂತೆ ಅವಳು ಹಾಕುತ್ತಿದ್ದುದು ಎರಡು ಓವರಿಗೊಮ್ಮೆ. ಪ್ರತಿ ಎಸೆತಕ್ಕೂ ಹಾಕಿದ್ದರೆ ಒಂದು ಪಂದ್ಯಕ್ಕೆ ತೊಂಬತ್ತಾರು ಸಂದೇಶ ಆಗುತ್ತಿತ್ತು. ಅರ್ಧ ಗ್ರೂಪು ಸದ್ದು ಆರಿಸಿಬಿಡುತ್ತಿತ್ತು. ಸದ್ದು ಆರಿಸಿದವರಿಗೆ ಸ್ಕೋರಿನ ಜೊತೆಗೆ ತಮ್ಮ ಪಂದ್ಯದ ಸಮಯವೂ ತಪ್ಪಿಹೋಗುತ್ತದೆ.

ಈ ಸಂದೇಶದ ಎರಡನೆಯ ಸಾಲನ್ನು ನಾನು ಬಹಳ ಮೆಚ್ಚಿದೆ. ಗುರಿ 68 ಎಂದು ಹೇಳಿದ ಮೇಲೆ ಬೇಕಾದ ಓಟ 21 ಎಂದು ಮತ್ತೆ ಹೇಳುವುದೇಕೆ, ಓದುಗರಿಗೆ ಕಳೆಯುವುದು ಬರುವುದಿಲ್ಲವೇ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಹಾಗೆ ನೋಡಿದರೆ ಅದು ಹೆಚ್ಚಿನ ಮಾತೇ. ಆದರೆ ಆ ಹೆಚ್ಚಿನ ಮಾತಿನಿಂದಲೇ ಸಂದೇಶ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತದೆ. 47ಕ್ಕೆ 21 ಕೂಡಿಸಿದರೆ 68 ಬರಬೇಕು. 5.2 ಎಂದರೆ ಐದು ಓವರ್ ಎರಡು ಎಸೆತ, ಒಟ್ಟು 32 ಎಸೆತ. ಅದಕ್ಕೆ 16 ಕೂಡಿಸಿದರೆ ಎಂಟು ಓವರಿನ 48 ಬರಬೇಕು. ಎರಡೂ ಲೆಕ್ಕ ಕೂಡಿಬಂದರೆ ಸಂದೇಶದೊಳಗೆ ಅಂಕಿ ತಪ್ಪಿಲ್ಲ ಎಂದು ಓದುವವನಿಗೂ ಗೊತ್ತಾಗುತ್ತದೆ, ಬರೆಯುವವಳಿಗೂ ಗೊತ್ತಾಗುತ್ತದೆ. ಇದು ಸಣ್ಣ ಅನುಕೂಲವಲ್ಲ. ಸ್ಕೋರ್ ಹಾಕುವವರೆಲ್ಲ ಹಿಂದಿನ ಸಂದೇಶವನ್ನು ನಕಲು ಮಾಡಿ ಅಂಕಿಗಳನ್ನಷ್ಟೇ ಬದಲಿಸುತ್ತಾರೆ. ಆ ಅವಸರದಲ್ಲಿ ಒಂದು ಅಂಕಿ ಹಳೆಯದೇ ಉಳಿದುಬಿಡುವುದುಂಟು. ಎರಡನೆಯ ಸೆಮಿಫೈನಲಿನಲ್ಲಿ ಹಾಗೆಯೇ ಆಯಿತು. ಓಟ ಬದಲಾಗಿತ್ತು, ಬೇಕಾದ ಓಟ ಬದಲಾಗಿರಲಿಲ್ಲ. ಗ್ರೂಪಿನಲ್ಲಿದ್ದ ಒಬ್ಬ ಹುಡುಗ ಕೂಡಿಸಿ ನೋಡಿ, ಒಂದು ನಿಮಿಷದೊಳಗೆ ತಪ್ಪನ್ನು ತೋರಿಸಿದ. ಸ್ಕೋರ್ ಒಂದನ್ನೇ ಬರೆದಿದ್ದರೆ ತೋರಿಸಲು ಅವನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ರನ್ ರೇಟನ್ನು ಅವಳು ಬಿಟ್ಟದ್ದೂ ಸರಿ. 5.2 ಎಂಬುದು ನೋಡಲು ದಶಮಾಂಶದಂತಿದೆ, ಆದರೆ ದಶಮಾಂಶವಲ್ಲ. ಫೋನಿನ ಕ್ಯಾಲ್ಕುಲೇಟರಿನಲ್ಲಿ 47ನ್ನು 5.2ರಿಂದ ಭಾಗಿಸಿದರೆ ಓವರಿಗೆ 9.04 ಬರುತ್ತದೆ. ನಿಜವಾದ ಲೆಕ್ಕಕ್ಕೆ 32 ಎಸೆತಗಳಿಂದ ಭಾಗಿಸಿ ಆರರಿಂದ ಗುಣಿಸಬೇಕು, ಆಗ ಬರುವುದು 8.81. ಎಂಟು ಓವರಿನ ಆಟದಲ್ಲಿ ಹುಡುಗರು ಯೋಚಿಸುವುದು ‘ಹದಿನಾರು ಬಾಲಿಗೆ ಇಪ್ಪತ್ತೊಂದು’ ಎಂದೇ. ಅವರು ಮಾತಾಡಿಕೊಳ್ಳುವ ಹಾಗೆಯೇ ಸಂದೇಶವೂ ಮಾತಾಡಿತು.

‘ಗುರಿ’ ಎಂಬ ಪದದ ವಿಷಯದಲ್ಲಿ ಮಾತ್ರ ಮೊದಲ ದಿನ ದೊಡ್ಡ ಎಡವಟ್ಟಾಯಿತು. ಮೂರನೆಯ ಪಂದ್ಯದಲ್ಲಿ ಮೊದಲು ಬ್ಯಾಟ್ ಮಾಡಿದ ತಂಡ 53 ಹೊಡೆಯಿತು. ಅವಳು ‘ಗುರಿ 53’ ಎಂದು ಹಾಕಿದಳು. ಗುರಿ ಎಂದರೆ ಗೆಲ್ಲಲು ಬೇಕಾದ ಓಟ, ಅದು 54. ಮೈದಾನದಲ್ಲಿ ಆಡುವವರಿಗೂ ಅಂಪೈರಿಗೂ ಇದು ತಿಳಿದೇ ಇತ್ತು. ಮೊದಲ ಮಹಡಿಯ ಕಾರಿಡಾರಿನಲ್ಲಿ ಫೋನ್ ಹಿಡಿದು ನಿಂತಿದ್ದವರಿಗೆ ತಿಳಿದಿದ್ದು ಸಂದೇಶ ಹೇಳಿದಷ್ಟೇ. ಕೊನೆಯ ಓವರಿನ ಐದನೆಯ ಎಸೆತಕ್ಕೆ ಸ್ಕೋರು 53 ಆಯಿತು. ಕಾರಿಡಾರಿನಲ್ಲಿ ಕೇಕೆ ಎದ್ದಿತು, ಗ್ರೂಪಿನಲ್ಲಿ ಅಭಿನಂದನೆ ಶುರುವಾಯಿತು, ಇಬ್ಬರು ತಮಟೆ ತರಲು ಓಡಿದರು. ಆರನೆಯ ಎಸೆತಕ್ಕೆ ಓಟ ಬರಲಿಲ್ಲ. ಪಂದ್ಯ ಟೈ. ಸೂಪರ್ ಓವರಿನಲ್ಲಿ ಆ ತಂಡ ಸೋತಿತು.

ತಪ್ಪು ಯಾರಿಗೂ ಆಗುತ್ತದೆ, ಅದಕ್ಕಾಗಿ ಅವಳನ್ನು ದೂರುವುದಿಲ್ಲ. ನಾನು ಒಪ್ಪದಿರುವುದು ಅದನ್ನು ತಿದ್ದಿದ ಬಗೆಯನ್ನು. ವಾಟ್ಸಾಪಿನಲ್ಲಿ ಕಳಿಸಿದ ಸಂದೇಶವನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು. ಅವಳು ಹಳೆಯ ಸಂದೇಶದಲ್ಲೇ 53ನ್ನು 54 ಮಾಡಿದಳು. ಹಾಗೆ ತಿದ್ದಿದರೆ ಹೊಸದಾಗಿ ಸದ್ದು ಬರುವುದಿಲ್ಲ. ಸಂದೇಶದ ಮೂಲೆಯಲ್ಲಿ ತಿದ್ದಿದ ಗುರುತೊಂದು ಸಣ್ಣದಾಗಿ ಕಾಣುತ್ತದೆ, ಮೊದಲು ಏನಿತ್ತು ಎಂಬುದು ಕಾಣುವುದಿಲ್ಲ. ಆಗಲೇ ಓದಿ ಫೋನನ್ನು ಜೇಬಿಗಿಟ್ಟವರ ತಲೆಯಲ್ಲಿ 53 ಉಳಿಯಿತು. ಸ್ಕ್ರೀನ್‌ಶಾಟ್ ತೆಗೆದವರ ಫೋನಿನಲ್ಲೂ ಉಳಿಯಿತು. ಸಂಜೆ ಅದನ್ನೇ ತೋರಿಸಿ, ಪಂದ್ಯ ಮುಗಿದ ಮೇಲೆ ಗುರಿ ಬದಲಿಸಿದ್ದಾರೆ ಎಂದು ಜಗಳ ತೆಗೆದರು. ಸ್ಕೋರ್ ಪುಸ್ತಕ ತಂದು ತೋರಿಸಿದ ಮೇಲೆಯೇ ಅದು ತಣ್ಣಗಾಯಿತು. ಅಂಕಿ ತಪ್ಪಿದರೆ ‘ತಿದ್ದುಪಡಿ’ ಎಂದು ಶುರುವಾಗುವ ಹೊಸ ಸಂದೇಶವನ್ನೇ ಹಾಕಬೇಕು, ಅದರಲ್ಲಿ ಹಳೆಯ ಅಂಕಿಯೂ ಹೊಸ ಅಂಕಿಯೂ ಇರಬೇಕು. ಎರಡನೆಯ ದಿನ ಅವಳು ಹಾಗೆಯೇ ಮಾಡಿದಳು.

ಇನ್ನು ಮೂರನೆಯ ಸಾಲು, ಮುಂದಿನ ಪಂದ್ಯದ ಸಮಯ. ಈ ಸಂದೇಶ ನಿಜವಾಗಿ ಕೆಲಸ ಮಾಡುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಸ್ಕೋರು ಕುತೂಹಲ ತಣಿಸುತ್ತದೆ, ಸಮಯದ ಸಾಲು ಹನ್ನೊಂದು ಜನರನ್ನು ಬೆಂಚಿನಿಂದ ಎಬ್ಬಿಸುತ್ತದೆ. 11:40 ಎಂಬುದು ಎಲ್ಲಿಂದ ಬಂತು ಎಂದು ಅವಳನ್ನೇ ಕೇಳಿದೆ. ಮೊದಲ ದಿನ ಗಡಿಯಾರ ನೋಡಿ ಲೆಕ್ಕ ಇಟ್ಟಿದ್ದಳಂತೆ, ನಮ್ಮ ಮೈದಾನದಲ್ಲಿ ಒಂದು ಓವರಿಗೆ ಸುಮಾರು ನಾಲ್ಕು ನಿಮಿಷ ಹಿಡಿಯುತ್ತದೆ. ಹದಿನಾರು ಎಸೆತ ಎಂದರೆ ಎರಡು ಓವರಿನ ಮೇಲೆ ನಾಲ್ಕು ಎಸೆತ, ಅಂದರೆ ಹನ್ನೊಂದು ನಿಮಿಷ. 11:17ಕ್ಕೆ ಅದನ್ನು ಕೂಡಿಸಿದರೆ 11:28. ತಂಡಗಳು ಬದಲಾಗಿ ಟಾಸ್ ಆಗಲು ಹತ್ತು ನಿಮಿಷ, 11:38. ಅದನ್ನು 11:40 ಮಾಡಿದಳು. ‘ಇನ್ನು ಸ್ವಲ್ಪ ಹೊತ್ತಿನಲ್ಲಿ’ ಎಂದು ಬರೆಯುವುದು ಸುಲಭವಿತ್ತು. ಲೆಕ್ಕ ಹಾಕಿ ಹೇಳಿದ್ದರಿಂದ ನಾನು 11:30ರವರೆಗೆ ಪಾಠ ಮುಂದುವರಿಸಿ, ಆಮೇಲೆ ಬಿ.ಎ. ಮಕ್ಕಳನ್ನು ಕಳಿಸಿಕೊಟ್ಟೆ.

ಆದರೆ ಈ ಲೆಕ್ಕ ಒಂದು ಕಡೆಗೆ ಮಾತ್ರ ಸುರಕ್ಷಿತ. ಬೆನ್ನಟ್ಟುವ ತಂಡ ನಾಲ್ಕು ಸಿಕ್ಸರ್ ಹೊಡೆದರೂ ಪಂದ್ಯ ಬೇಗ ಮುಗಿಯುತ್ತದೆ, ಸಾಲಾಗಿ ವಿಕೆಟ್ ಕಳೆದುಕೊಂಡರೂ ಬೇಗ ಮುಗಿಯುತ್ತದೆ. ಮೊದಲ ದಿನದ ಮೊದಲ ಪಂದ್ಯ ಹಾಗೆ ಮುಗಿಯಿತು. ಎರಡನೆಯ ಪಂದ್ಯ 10:25ಕ್ಕೆ ಎಂದು ಮೊದಲೇ ಹೇಳಿಯಾಗಿತ್ತು. ಹೊತ್ತು ಉಳಿಯಿತಲ್ಲ ಎಂದು ‘10:10ಕ್ಕೇ ಶುರು’ ಎಂದು ಹಾಕಿದಳು. ಅಂತಿಮ ಬಿ.ಎಸ್ಸಿ.ಯ ನಾಲ್ವರು ಆಟಗಾರರು ಆಗ ರಸಾಯನಶಾಸ್ತ್ರದ ಲ್ಯಾಬಿನಲ್ಲಿದ್ದರು, ಫೋನ್ ಚೀಲದಲ್ಲಿತ್ತು. ಅವರು ಹಳೆಯ ಮಾತನ್ನು ನಂಬಿ ಸರಿಯಾಗಿ 10:25ಕ್ಕೆ ಬಂದರು. ಅಷ್ಟರಲ್ಲಿ ಅವರ ತಂಡ ಏಳೇ ಜನರನ್ನು ಇಟ್ಟುಕೊಂಡು ಮೂರು ಓವರ್ ಫೀಲ್ಡಿಂಗ್ ಮಾಡಿತ್ತು. ಒಮ್ಮೆ ಹೇಳಿದ ಸಮಯವನ್ನು ಮುಂದೂಡಬಹುದು, ಹಿಂದಕ್ಕೆ ಎಳೆಯಬಾರದು. ಮುಂದೂಡಿದರೆ ಬೇಗ ಬಂದವರು ಮರದ ನೆರಳಿನಲ್ಲಿ ಕಾಯುತ್ತಾರೆ. ಹಿಂದಕ್ಕೆ ಎಳೆದರೆ ಮಾತು ನಂಬಿದವರೇ ನಷ್ಟಕ್ಕೆ ಬೀಳುತ್ತಾರೆ. ಹತ್ತು ನಿಮಿಷ ಮೈದಾನ ಖಾಲಿ ಇದ್ದರೆ ಯಾರಿಗೂ ಕೇಡಿಲ್ಲ.

ಕೊನೆಯ ಸಾಲಿನ ‘11:17ಕ್ಕೆ ಹಾಕಿದ್ದು’ ಮೊದಲು ನನಗೂ ಅನಗತ್ಯವೆನಿಸಿತ್ತು, ಸಂದೇಶದ ಪಕ್ಕದಲ್ಲಿ ಸಮಯ ತಾನೇ ಬೀಳುತ್ತದಲ್ಲ ಎಂದು. ಆದರೆ ಇಂಥ ಸಂದೇಶ ಹಾಕಿದಲ್ಲೇ ನಿಲ್ಲುವುದಿಲ್ಲ. ತರಗತಿ ಗ್ರೂಪುಗಳಿಗೆ ಫಾರ್ವರ್ಡ್ ಆಗುತ್ತದೆ, ಆಗ ಅದರ ಪಕ್ಕ ಬೀಳುವುದು ಫಾರ್ವರ್ಡ್ ಮಾಡಿದ ಹೊತ್ತು. ಸ್ಕೋರು ಯಾವ ಹೊತ್ತಿನದು ಎಂಬುದು ಸಂದೇಶದೊಳಗೇ ಇರಬೇಕು.

ಇದೇ ನಮೂನೆಯನ್ನು ಎಲ್ಲ ಆಟಕ್ಕೂ ಹೊಂದಿಸಲಾಗದು. ಕಬಡ್ಡಿಯಲ್ಲಿ ಓವರಿನ ಜಾಗಕ್ಕೆ ಉಳಿದ ನಿಮಿಷ ಬರಬೇಕು. ಎದುರಾಳಿಯನ್ನು ಆಲೌಟ್ ಮಾಡಿದರೆ ಎರಡು ಅಂಕ ಹೆಚ್ಚಿಗೆ ಸಿಗುವ ಆ ಆಟದಲ್ಲಿ, ಅಂಗಳದಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ಹೇಳದ ಮೂರು ಅಂಕದ ಮುನ್ನಡೆಗೆ ಹೆಚ್ಚು ಅರ್ಥವಿಲ್ಲ. ವಾಲಿಬಾಲಿನಲ್ಲಿ ಮುಗಿಯುವ ಹೊತ್ತನ್ನು ಹೇಳುವುದೇ ಕಷ್ಟ. 25 ಅಂಕ ಬಂದರೂ ಎರಡರ ಅಂತರ ಬೇಕು, 24-24ರ ನಂತರ ಸೆಟ್ ಎಷ್ಟು ಎಳೆಯುತ್ತದೆಂದು ಯಾರೂ ಹೇಳಲಾರರು.

ಮೊದಲ ದಿನದ ತಪ್ಪುಗಳಿಗೆಲ್ಲ ಬೇರು ಒಂದೇ ಎಂದು ನನಗನಿಸುತ್ತದೆ. ಆ ಹುಡುಗಿ ಒಂದು ಕೈಯಲ್ಲಿ ಸ್ಕೋರ್ ಪುಸ್ತಕ ತುಂಬುತ್ತಾ ಇನ್ನೊಂದು ಕೈಯಲ್ಲಿ ಫೋನ್ ಒತ್ತುತ್ತಿದ್ದಳು. ವೈಡ್ ಬರೆದುಕೊಳ್ಳುವಷ್ಟರಲ್ಲಿ ಮುಂದಿನ ಎಸೆತ ಆಗಿರುತ್ತಿತ್ತು. ಸಾಲದ್ದಕ್ಕೆ ಗ್ರೂಪಿನಲ್ಲಿ ಎಲ್ಲರೂ ಬರೆಯುತ್ತಿದ್ದರು, ಚಪ್ಪಾಳೆ ಚಿತ್ರಗಳ ನಡುವೆ ಅವಳ ನಾಲ್ಕು ಸಾಲು ಮೇಲಕ್ಕೆ ಸರಿದು ಹೋಗುತ್ತಿತ್ತು. ನಮ್ಮ ಕ್ರೀಡಾ ಸಮಿತಿಗೆ ನನ್ನ ಕೋರಿಕೆ ಎರಡು. ಮುಂದಿನ ವರ್ಷ ಪುಸ್ತಕಕ್ಕೆ ಒಬ್ಬರು, ಫೋನಿಗೆ ಒಬ್ಬರು ಇರಲಿ, ಇಬ್ಬರೂ ಒಂದೇ ಮೇಜಿನಲ್ಲಿ ಕೂರಲಿ. ಪಂದ್ಯದ ದಿನಗಳಲ್ಲಿ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ, ಫೋನ್ ಹಿಡಿದವರನ್ನು ಅಡ್ಮಿನ್ ಮಾಡಿ.